ನಡುವಿನಲ್ಲಿರುವ ಸ್ವಾಪ್‌ಗೆ ಇವತ್ತಿನ ಮೌಲ್ಯ ಕಟ್ಟುವುದು

ಪ್ರಶ್ನೆ: 2 ವರ್ಷದ ಬಡ್ಡಿ ದರ ಸ್ವಾಪ್, ಶುರುವಾಗಿ 8 ತಿಂಗಳಾಯಿತು. ನೋಶನಲ್ 10 ಕೋಟಿ. ನಾವು ವರ್ಷಕ್ಕೆ 6% ಸ್ಥಿರ ಬಡ್ಡಿ ಕೊಡುತ್ತೇವೆ, 6 ತಿಂಗಳ ಫ್ಲೋಟಿಂಗ್ ದರ ಪಡೆಯುತ್ತೇವೆ, ಎರಡೂ ಆರು ತಿಂಗಳಿಗೊಮ್ಮೆ. ಕೊನೆಯ ರೀಸೆಟ್ 5.5%. ಇವತ್ತಿನ ಡಿಸ್ಕೌಂಟ್ ಫ್ಯಾಕ್ಟರ್‌ಗಳು: 4 ತಿಂಗಳಿಗೆ 0.9797, 10 ತಿಂಗಳಿಗೆ 0.9487, 16 ತಿಂಗಳಿಗೆ 0.9180. ನನ್ನ ಲೆಕ್ಕದಲ್ಲಿ 3,39,200 ನಷ್ಟ ಬರುತ್ತಿದೆ, ಬ್ಯಾಂಕ್ ಲಾಭ ಅನ್ನುತ್ತಿದೆ. ತಪ್ಪು ಎಲ್ಲಿ?

ಉತ್ತರ:

ನಿಮ್ಮ ಸಂಖ್ಯೆಯಲ್ಲೇ ತಪ್ಪಿನ ಗುರುತು ಇದೆ. ಫ್ಲೋಟಿಂಗ್ ಭಾಗಕ್ಕೆ ನೀವು 10 ಕೋಟಿ × (1 − 0.9180) = 82,00,000 ಹಾಕಿದ್ದೀರಿ. ಈ ಸೂತ್ರ ಸ್ವಾಪ್ ಶುರುವಾದ ದಿನಕ್ಕೆ, ಅಥವಾ ರೀಸೆಟ್ ಆದ ದಿನ ಹಳೆಯ ಕಂತು ಕೈಸೇರಿದ ಮೇಲೆ ಮಾತ್ರ ಸರಿ. ಎರಡು ರೀಸೆಟ್‌ಗಳ ನಡುವೆ ಹಾಕಿದರೆ ಉತ್ತರ ಕೆಡುತ್ತದೆ. ನಿಮ್ಮಲ್ಲಿ ಲಾಭ-ನಷ್ಟವೇ ಅದಲುಬದಲಾಗಿದೆ.

ಮೊದಲು ಸ್ಥಿರ ಭಾಗ, ಅದರಲ್ಲಿ ಗೊಂದಲವಿಲ್ಲ. ಬಾಕಿ ಇರುವುದು ಮೂರು ಕಂತು, ಪ್ರತಿ ಕಂತು 10 ಕೋಟಿ × 6% ÷ 2 = 30,00,000. ಮೂರು ಫ್ಯಾಕ್ಟರ್‌ಗಳ ಮೊತ್ತ 2.8464. ಇಂದಿನ ಮೌಲ್ಯ 30,00,000 × 2.8464 = 85,39,200. ಕೊಟ್ಟಾದ ಮೊದಲ ಕಂತು ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಕಂತಿಗೆ 4 ತಿಂಗಳಷ್ಟೇ ಉಳಿದಿದೆಯೆಂದು ಅದನ್ನು 4/6 ಕ್ಕೆ ಇಳಿಸುವವರಿದ್ದಾರೆ. ಹಾಗೆ ಮಾಡಬಾರದು, ಆ ದಿನ ಕೊಡಬೇಕಾದ್ದು ಪೂರ್ತಿ 30 ಲಕ್ಷ.

ಇನ್ನು ಫ್ಲೋಟಿಂಗ್ ಭಾಗ. ಮುಂದಿನ ಕಂತಿನ ದರ 2 ತಿಂಗಳ ಹಿಂದೆಯೇ 5.5% ಎಂದು ನಿಗದಿಯಾಗಿದೆ. ಅಂದರೆ ಇನ್ನು 4 ತಿಂಗಳಿಗೆ ಬರುವ 27,50,000 ಈಗಾಗಲೇ ಗೊತ್ತಿರುವ ಹಣ. ಈ ನಡುವೆ ದರ ಏನೇ ಆಗಿದ್ದರೂ ಅದು ಬದಲಾಗದು. ಅದರ ನಂತರದ ಎರಡು ಕಂತುಗಳ ದರ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಆ ಎರಡನ್ನು ಊಹಿಸದೆಯೇ ಲೆಕ್ಕ ಮುಗಿಸುವ ದಾರಿ ಇದು. ಕೊನೆಯಲ್ಲಿ ಇಬ್ಬರೂ 10 ಕೋಟಿ ಅಸಲನ್ನು ಪರಸ್ಪರ ಕೊಟ್ಟುಕೊಳ್ಳುತ್ತಾರೆ ಎಂದು ಭಾವಿಸಿ. ಒಂದನ್ನೊಂದು ಅಳಿಸುವುದರಿಂದ ಸ್ವಾಪ್‌ನ ಮೌಲ್ಯ ಬದಲಾಗುವುದಿಲ್ಲ, ಆದರೆ ಫ್ಲೋಟಿಂಗ್ ಭಾಗ ಈಗ ಒಂದು ಸಾಲಪತ್ರದಂತೆ ಕಾಣುತ್ತದೆ. ಮುಂದಿನ ರೀಸೆಟ್ ದಿನ, ಕಂತು ಬಂದ ಮರುಕ್ಷಣ, ಅದರ ಬೆಲೆ ಸರಿಯಾಗಿ 10 ಕೋಟಿ. ಏಕೆಂದರೆ ಆಗಿನಿಂದ ಅದು ಮಾರುಕಟ್ಟೆಯ ದರವನ್ನೇ ಕೊಡುತ್ತದೆ. ಹಾಗಾಗಿ ಇವತ್ತಿನ ದೃಷ್ಟಿಯಲ್ಲಿ ಅದು 4 ತಿಂಗಳ ನಂತರ ಬರುವ ಒಂದೇ ಮೊತ್ತಕ್ಕೆ ಸಮ: ಅಸಲು 10 ಕೋಟಿ, ಜೊತೆಗೆ ನಿಗದಿಯಾದ 27,50,000.

```
ಫ್ಲೋಟಿಂಗ್ = 10,27,50,000 × 0.9797            = 10,06,64,175
ಸ್ಥಿರ     = 85,39,200 + 10,00,00,000 × 0.9180 = 10,03,39,200
ಮೌಲ್ಯ     = 10,06,64,175 − 10,03,39,200       =     3,24,975
```

ನೀವು ಸ್ಥಿರ ಬಡ್ಡಿ ಕೊಡುವವರಾದ್ದರಿಂದ ಇದು ನಿಮಗೆ ಲಾಭ, ಎದುರು ಪಕ್ಷಕ್ಕೆ ಅಷ್ಟೇ ನಷ್ಟ. ನಿಮ್ಮ ಸೂತ್ರ ಫ್ಲೋಟಿಂಗ್ ಪತ್ರವನ್ನು ಇವತ್ತೇ 10 ಕೋಟಿ ಎಂದುಕೊಂಡಿತ್ತು. ಬಿಟ್ಟುಹೋದ 6,64,175 ಅಲ್ಲೇ ಇದೆ.

ಅಸಲಿನ ಈ ಉಪಾಯದ ಮೇಲೆ ನಂಬಿಕೆ ಬರದಿದ್ದರೆ ಕಂತು ಕಂತಾಗಿ ಪರೀಕ್ಷಿಸಿ. ಮೊದಲ ಕಂತು 27,50,000 × 0.9797 = 26,94,175. ಎರಡನೆಯದರ ಫಾರ್ವರ್ಡ್ ದರ ಆರು ತಿಂಗಳಿಗೆ 0.9797 ÷ 0.9487 − 1, ಅಂದರೆ 3.2676%. ಅದನ್ನು ನೋಶನಲ್‌ಗೆ ಗುಣಿಸಿ 0.9487 ರಿಂದ ಇಂದಿಗೆ ತಂದರೆ 31,00,000. ಮೂರನೆಯದು ಇದೇ ರೀತಿ 30,70,000. ಒಟ್ಟು 88,64,175. ಸ್ಥಿರ ಭಾಗ 85,39,200 ಕಳೆದರೆ ಮತ್ತೆ 3,24,975. ಎರಡು ದಾರಿಯ ಉತ್ತರ ಪೈಸೆಗೆ ಪೈಸೆ ಹೊಂದಬೇಕು. ಹೊಂದದಿದ್ದರೆ ನಾನು ಮೊದಲು ನೋಡುವುದು ಮೊದಲ ಕಂತಿನ ದರವನ್ನು. ನಿಗದಿಯಾದ 5.5% ಬದಲು ಇವತ್ತಿನ 6 ತಿಂಗಳ ದರ ಅಲ್ಲಿ ಕುಳಿತಿರುತ್ತದೆ. ಆ ದರ 6.4% ಎಂದಿಟ್ಟುಕೊಂಡರೆ, ಈ ಒಂದೇ ತಪ್ಪಿಗೆ ಮೌಲ್ಯ 4,40,865 ರಷ್ಟು ಉಬ್ಬುತ್ತದೆ.

ಬ್ಯಾಂಕ್ ತೋರಿಸಿದ ಲಾಭ 3.25 ಲಕ್ಷದ ಬದಲು 4.08 ಲಕ್ಷದ ಹತ್ತಿರ ಇದ್ದರೆ ಗಾಬರಿಯಾಗಬೇಡಿ, ಅದು ಈವರೆಗೆ ಕೂಡಿದ ಬಡ್ಡಿಯನ್ನು ಬೇರ್ಪಡಿಸಿದ ಲೆಕ್ಕ. ಕಳೆದ 2 ತಿಂಗಳಲ್ಲಿ ನಿಮಗೆ ಕೂಡಿದ್ದು 9,16,667, ನೀವು ಕೊಡಬೇಕಾಗಿ ಕೂಡಿದ್ದು 10,00,000. ನಿವ್ವಳ 83,333 ನಿಮ್ಮ ಮೇಲಿದೆ. ಅದನ್ನು ಹೊರಗಿಟ್ಟರೆ ಮೌಲ್ಯ 4,08,308. ಸ್ವಾಪ್ ಇವತ್ತೇ ಮುರಿದರೆ ಕೈಬದಲಾಗಬೇಕಾದ್ದು 3,24,975. ಯಾವ ಅಂಕಿ ಎಂದು ಕೇಳಿ ತಿಳಿದುಕೊಂಡೇ ಹೋಲಿಸಿ.

ಸಣ್ಣ ವ್ಯತ್ಯಾಸಗಳಿಗೆ ಬೇರೆ ಕಾರಣಗಳಿವೆ. ನಾಲ್ಕು ದಶಮಾಂಶಕ್ಕೆ ದುಂಡಾಗಿಸಿದ ಫ್ಯಾಕ್ಟರ್‌ನಲ್ಲಿ 0.00005 ರಷ್ಟು ತಪ್ಪಿರಬಹುದು, 10 ಕೋಟಿಯ ಮೇಲೆ ಅದು 5,000. ಎಂಟು ದಶಮಾಂಶ ಇಟ್ಟುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಆರು ತಿಂಗಳನ್ನು ಅರ್ಧ ವರ್ಷವೆಂದೇ ಹಿಡಿದಿದ್ದೇನೆ. ಒಪ್ಪಂದದಲ್ಲಿ ನಿಜವಾದ ದಿನಗಳನ್ನು 365 ಅಥವಾ 360 ರಿಂದ ಭಾಗಿಸುವ ನಿಯಮವಿದ್ದರೆ ಕಂತಿನ ಮೊತ್ತವೇ ಬದಲಾಗುತ್ತದೆ. ಎರಡು ಭಾಗಗಳಿಗೆ ಬೇರೆ ಬೇರೆ ನಿಯಮವೂ ಇರುತ್ತದೆ. ಇನ್ನೊಂದು, ಫ್ಯಾಕ್ಟರ್ 1 ಆಗಿರಬೇಕಾದ್ದು ಮೌಲ್ಯ ಕಟ್ಟುವ ದಿನ. ಎರಡು ದಿನ ಮುಂದಿನ ಸ್ಪಾಟ್ ದಿನದಿಂದ ಎಣಿಸಿದ ಕರ್ವ್ ಸಿಕ್ಕಿದ್ದರೆ ಎಲ್ಲವನ್ನೂ ಆ ಎರಡು ದಿನದ ಫ್ಯಾಕ್ಟರ್‌ನಿಂದ ಗುಣಿಸಿ.

ಇವೆಲ್ಲಕ್ಕಿಂತ ದೊಡ್ಡ ಮಿತಿ ಒಂದಿದೆ. ರೀಸೆಟ್ ದಿನ ಪತ್ರ ಸರಿಯಾಗಿ 10 ಕೋಟಿಗೆ ನಿಲ್ಲುವುದು, ಫ್ಲೋಟಿಂಗ್ ದರವೂ ಡಿಸ್ಕೌಂಟ್ ಫ್ಯಾಕ್ಟರ್‌ಗಳೂ ಒಂದೇ ಕರ್ವ್‌ನಿಂದ ಬಂದಾಗ ಮಾತ್ರ. 2008 ರ ಬಿಕ್ಕಟ್ಟಿನ ನಂತರ, ಮೇಲಾಧಾರವಿರುವ ಸ್ವಾಪ್‌ಗಳನ್ನು ಓವರ್‌ನೈಟ್ ದರದ ಕರ್ವ್‌ನಿಂದ ಡಿಸ್ಕೌಂಟ್ ಮಾಡುವುದು ರೂಢಿಯಾಯಿತು. ಫ್ಲೋಟಿಂಗ್ ಕಂತು 6 ತಿಂಗಳ ದರದ ಮೇಲೆ ನಿಂತಿದ್ದು ಡಿಸ್ಕೌಂಟ್ ಓವರ್‌ನೈಟ್ ಕರ್ವ್‌ನಿಂದ ಆಗುತ್ತಿದ್ದರೆ, ಅಸಲಿನ ಉಪಾಯ ಬಿಟ್ಟುಬಿಡಿ. ಫಾರ್ವರ್ಡ್ ದರವನ್ನು 6 ತಿಂಗಳ ಕರ್ವ್‌ನಿಂದ ತೆಗೆದು, ಬಂದ ಕಂತನ್ನು ಓವರ್‌ನೈಟ್ ಫ್ಯಾಕ್ಟರ್‌ನಿಂದ ಗುಣಿಸುವ ಉದ್ದದ ದಾರಿಯೊಂದೇ ಉಳಿಯುತ್ತದೆ.

ಓವರ್‌ನೈಟ್ ದರವನ್ನೇ ದಿನದಿನಕ್ಕೆ ಚಕ್ರಬಡ್ಡಿಯಾಗಿ ಕೂಡಿಸುವ ಸ್ವಾಪ್ ಆದರೆ ಕಥೆ ಬೇರೆ. ಅಲ್ಲಿ ಮುಂದಿನ ಕಂತು ಮೊದಲೇ ನಿಗದಿಯಾಗಿರುವುದಿಲ್ಲ, ಕಂತಿನ ಅವಧಿ ಶುರುವಾದಂದಿನಿಂದ ಇವತ್ತಿನವರೆಗೆ ಕೂಡಿದ್ದಷ್ಟೇ ಗೊತ್ತು. ಆ 2 ತಿಂಗಳಲ್ಲಿ 1 ಎಂಬುದು 1.0092 ಆಗಿದ್ದರೆ, ಇದೇ ಫ್ಯಾಕ್ಟರ್‌ಗಳ ಮೇಲೆ ಫ್ಲೋಟಿಂಗ್ ಭಾಗ 10 ಕೋಟಿ × (1.0092 − 0.9180) = 91,20,000, ಸ್ವಾಪ್‌ನ ಮೌಲ್ಯ 5,80,800. ಅಲ್ಲಿಯೂ 1.0092 ಬದಲು ಬರೀ 1 ಹಾಕಿದರೆ ನಿಮ್ಮ ಅದೇ −3,39,200 ಬರುತ್ತದೆ.