ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಕಣ್ಣು ಬೆಳ್ಳಗೆ ಹೊಳೆದರೆ

ಪ್ರಶ್ನೆ: ನನ್ನ ಮಗನಿಗೆ ಒಂದೂವರೆ ವರ್ಷ. ಗಣಪತಿ ಹಬ್ಬದಲ್ಲಿ ತೆಗೆದ ಮೂರು ಫೋಟೋಗಳಲ್ಲಿ ಅವನ ಎಡಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿದೆ, ಬಲಗಣ್ಣು ಕೆಂಪಗಿದೆ. ಅತ್ತೆ 'ಬೆಕ್ಕಿನ ಕಣ್ಣು, ಏನೂ ಆಗಲ್ಲ' ಅಂತಾರೆ. ಮುಂದಿನ ತಿಂಗಳು ಹುಬ್ಬಳ್ಳಿಗೆ ಹೋದಾಗ ತೋರಿಸಿದರೆ ಸಾಕಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಸಾಲದು ತಾಯಿ. ಈ ವಾರವೇ ಮಕ್ಕಳ ಕಣ್ಣಿನ ತಜ್ಞರಿಗೆ ತೋರಿಸಿ.

ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಫ್ಲ್ಯಾಶ್ ಬೆಳಕು ಅಲ್ಲಿಗೆ ಬಡಿದು ವಾಪಸ್ ಬರುವಾಗ ಪಾಪೆ ಕೆಂಪಗೆ ಕಾಣುತ್ತದೆ. ಬೆಳ್ಳಗೆ ಕಂಡರೆ, ಬೆಳಕು ಬೇರೆ ಯಾವುದಕ್ಕೋ ತಾಗಿ ಬಂದಿದೆ ಎಂದರ್ಥ. ಮಗು ಮೂಗಿನ ಕಡೆಗೆ ಸ್ವಲ್ಪ ವಾರೆ ನೋಡಿದ್ದರೆ ಬೆಳಕು ಕಣ್ಣಿನ ನರದ ತುದಿಗೆ ಬೀಳುತ್ತದೆ. ಅದು ಮೊದಲೇ ತಿಳಿ ಬಣ್ಣದ್ದು, ಹಾಗಾಗಿ ಆರೋಗ್ಯವಾಗಿರುವ ಕಣ್ಣೂ ಒಮ್ಮೊಮ್ಮೆ ಬೆಳ್ಳಗೆ ಕಾಣಬಹುದು. ಹುಟ್ಟು ಪೊರೆಯಿಂದಲೂ ಹೀಗಾಗುತ್ತದೆ. ಆದರೆ ನಿಮ್ಮ ಮೂರೂ ಫೋಟೋಗಳಲ್ಲಿ ಅದೇ ಕಣ್ಣು ಬೆಳ್ಳಗಿದೆ, ಅಲ್ವಾ? ಆಗ ಮೊದಲು ರೆಟಿನೋಬ್ಲಾಸ್ಟೋಮಾ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅದು ಕಣ್ಣಿನ ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರ್. ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಲ್ಲೇ ಕಾಣಿಸುತ್ತದೆ.

ಮಗು ಆಡಿಕೊಂಡಿದೆ, ಅಳುತ್ತಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಶುರುವಿನಲ್ಲಿ ಈ ಗಡ್ಡೆ ನೋಯುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗು ಎಲ್ಲೂ ಎಡವುವುದಿಲ್ಲ. ನನ್ನ ಬಳಿ ಬಂದಿದ್ದ ಒಂದು ಹೆಣ್ಣುಮಗುವಿನ ನಾಮಕರಣದ ಫೋಟೋದಲ್ಲೇ ಬಿಳಿ ಹೊಳಪಿತ್ತು. ಯಾರೋ 'ದೊಡ್ಡದಾದ ಮೇಲೆ ಸರಿಹೋಗುತ್ತೆ' ಎಂದಿದ್ದರು. ಕಣ್ಣು ವಾರೆಯಾದ ಮೇಲೆ ಕರೆತಂದರು. ಅಷ್ಟರಲ್ಲಿ ಗಡ್ಡೆ ಕಣ್ಣನ್ನೇ ತುಂಬಿತ್ತು. ಕಣ್ಣು ತೆಗೆಯಬೇಕಾಯಿತು, ಮಗು ಉಳಿಯಿತು. ಆ ತಾಯಿ ಫೋನಿನಲ್ಲಿ ಹಳೆಯ ಫೋಟೋ ತೋರಿಸುತ್ತಾ ಅತ್ತದ್ದು ನನಗೆ ಇನ್ನೂ ನೆನಪಿದೆ.

ಗಡ್ಡೆ ಚಿಕ್ಕದಿದ್ದಾಗ ಲೇಸರ್, ಅತಿ ಶೀತದ ಚಿಕಿತ್ಸೆ, ಕಿಮೋಥೆರಪಿಯಿಂದ ಕಣ್ಣನ್ನು ಉಳಿಸಲು ಸಾಧ್ಯವಿದೆ. ದೊಡ್ಡದಾದರೆ ಕಣ್ಣಿನ ನರದ ಗುಂಟ ಮಿದುಳಿನತ್ತ ಹೋಗಬಹುದು. ಆಗ ಮಾತು ಕಣ್ಣಿನದಲ್ಲ, ಜೀವದ್ದು. ಒಂದು ತಿಂಗಳು ಕಾಯಬೇಡಿ ಎನ್ನುವುದು ಇದಕ್ಕೇ.

ಅಪಾಯಿಂಟ್‌ಮೆಂಟ್ ಕೇಳುವಾಗ ಸುಮ್ನೆ 'ಕಣ್ಣು ತೋರಿಸಬೇಕು' ಎನ್ನಬೇಡಿ. 'ಮಗುವಿನ ಪಾಪೆಯಲ್ಲಿ ಬಿಳಿ ಹೊಳಪಿದೆ' ಎಂದೇ ಹೇಳಿ, ಫೋಟೋ ತೋರಿಸಿ. ಬರೀ ಟಾರ್ಚ್ ಹಾಕಿ ನೋಡಿ 'ಸರಿ ಇದೆ' ಎಂದರೆ ಒಪ್ಪಬೇಡಿ. ಡ್ರಾಪ್ಸ್ ಹಾಕಿ, ಪಾಪೆ ಅಗಲವಾದ ಮೇಲೆ ಎರಡೂ ಕಣ್ಣಿನ ಅಕ್ಷಿಪಟಲವನ್ನು ಅಂಚಿನವರೆಗೂ ನೋಡಬೇಕು. ಅನುಮಾನ ಬಂದರೆ ಅಲ್ಟ್ರಾಸೌಂಡ್, ಎಂಆರ್‌ಐ ಮಾಡಿಸುತ್ತಾರೆ. ಈ ಗಡ್ಡೆಯಿಂದ ಸೂಜಿ ಹಾಕಿ ತುಣುಕು ತೆಗೆಯುವುದಿಲ್ಲ, ಕ್ಯಾನ್ಸರ್ ಕಣ್ಣಿನಿಂದ ಹೊರಗೆ ಹರಡುವ ಭಯವಿದೆ. ಖಚಿತವಾದರೆ ಪರೇಲ್‌ನ ಟಾಟಾ ಮೆಮೋರಿಯಲ್‌ನಂಥ ಕಡೆ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ ಹೋಗಬೇಕಾಗುತ್ತದೆ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರ ಕಣ್ಣನ್ನೂ ಆಗ ಪರೀಕ್ಷಿಸಬೇಕು, ಯಾಕೆಂದರೆ ಕೆಲವು ಮನೆಗಳಲ್ಲಿ ಇದು ವಂಶವಾಹಿಯಿಂದ ಬರುತ್ತದೆ.

ಇಷ್ಟು ಚಿಕ್ಕ ಮಗು ಅಲುಗಾಡದೆ ಇರುವುದಿಲ್ಲ, ಹಾಗಾಗಿ ಅರಿವಳಿಕೆ ಕೊಟ್ಟು ಪರೀಕ್ಷಿಸಬೇಕಾಗಬಹುದು. ಹಾಗಿದ್ದರೆ ಎಷ್ಟು ಹೊತ್ತು ಮೊದಲು ಹಾಲು, ಊಟ ನಿಲ್ಲಿಸಬೇಕು ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.