ಬೂಷ್ಟು ಹಿಡಿದ ಸ್ಟ್ರಾಬೆರಿ, ಕಿತ್ತಳೆ: ಎಷ್ಟು ಎಸೆಯಬೇಕು?

ಪ್ರಶ್ನೆ: "ತಂದ ಮೂರೇ ದಿನಕ್ಕೆ ಸ್ಟ್ರಾಬೆರಿ ಡಬ್ಬಿಯಲ್ಲಿ ಒಂದು ಹಣ್ಣಿಗೆ ಬೂಷ್ಟು ಬಂದಿದೆ, ಒಂದು ಕಿತ್ತಳೆಯ ಮೇಲೂ ಹಸಿರು ಮಚ್ಚೆ ಇದೆ. ಅಷ್ಟು ಭಾಗ ಕತ್ತರಿಸಿ ಉಳಿದದ್ದನ್ನು ತಿನ್ನಬಹುದೇ?"

ಬೂಷ್ಟು ಬಂದ ಸ್ಟ್ರಾಬೆರಿಯನ್ನೂ ಆ ಕಿತ್ತಳೆಯನ್ನೂ ಇಡಿಯಾಗಿ ಎಸೆಯಿರಿ. ಆದರೆ ಜೊತೆಯಲ್ಲಿದ್ದ ಹಣ್ಣುಗಳನ್ನೆಲ್ಲ ಎಸೆಯಬೇಕಾಗಿಲ್ಲ.

ಕಿತ್ತಳೆಯ ಮಚ್ಚೆಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ನಡುವೆ ಹಸಿರು ಪುಡಿ, ಅದರ ಸುತ್ತ ಬಿಳಿಯ ಅಂಚು, ಅದರಾಚೆ ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾದ, ನೀರು ಕುಡಿದಂತೆ ಕಾಣುವ ಸಿಪ್ಪೆ ಇರುತ್ತದೆ. ಇದು ಸಿಪ್ಪೆಯ ಗಾಯದಿಂದ ಒಳಹೊಕ್ಕುವ ಪೆನಿಸಿಲಿಯಂ ಡಿಜಿಟೇಟಮ್ ಎಂಬ ಶಿಲೀಂಧ್ರ. ಹಸಿರು ಪುಡಿ ಅದರ ಬೀಜಕಣಗಳು. ಅವು ಕಾಣಿಸಿಕೊಳ್ಳುವ ಮೊದಲೇ ಅದರ ಸೂಕ್ಷ್ಮ ಎಳೆಗಳು ಸುತ್ತಲೂ ಒಳಗೂ ಹರಡಿರುತ್ತವೆ. ಹೀಗಾಗಿ ಹಸಿರು ಇರುವಷ್ಟನ್ನೇ ಕತ್ತರಿಸಿದರೆ ಶಿಲೀಂಧ್ರದ ಹೆಚ್ಚಿನ ಭಾಗ ಹಣ್ಣಿನಲ್ಲೇ ಉಳಿಯುತ್ತದೆ. ಸುತ್ತಲೂ ಆಳಕ್ಕೂ ಒಂದು ಅಂಗುಲ ಬಿಟ್ಟು, ಚಾಕು ಬೂಷ್ಟಿಗೆ ತಾಗದಂತೆ ಕತ್ತರಿಸುವ ಕ್ರಮ ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ತರಕಾರಿಗಳಿಗೆ ಸರಿ. ರಸ ತುಂಬಿದ ಮೆತ್ತನೆಯ ಹಣ್ಣಿಗೆ ಅದು ಒಗ್ಗುವುದಿಲ್ಲ. ಕುದಿಸಿ ಜಾಮ್ ಮಾಡುವ ಯೋಚನೆಯನ್ನೂ ಬಿಡಿ, ಏಕೆಂದರೆ ಕಾವಿಗೆ ಬೂಷ್ಟು ಸತ್ತರೂ ಕೆಲವು ಬೂಷ್ಟುಗಳು ಬಿಟ್ಟ ವಿಷ ಉಳಿಯಬಲ್ಲದು.

ಕಳೆದ ಜನವರಿಯಲ್ಲಿ ನಾನು ತಂದಿದ್ದ 200 ಗ್ರಾಂ ಸ್ಟ್ರಾಬೆರಿ ಡಬ್ಬಿಯಲ್ಲೂ ಹೀಗೆಯೇ ಆಗಿತ್ತು. ತಳದಲ್ಲಿದ್ದ ಒಂದು ಹಣ್ಣಿನ ತೊಟ್ಟಿನ ಬಳಿ ಬೂದುಬಣ್ಣದ ನವಿರು ಕಂಡಿತು. ಅದಕ್ಕೆ ಒತ್ತಿಕೊಂಡಿದ್ದ ಎರಡು ಹಣ್ಣುಗಳ ಮೇಲೆ ಬೂಷ್ಟು ಕಾಣದಿದ್ದರೂ ತಾಗಿದ ಜಾಗ ಕಂದಿ ಮೆತ್ತಗಾಗಿತ್ತು. ಮೂರನ್ನೂ ಎಸೆದು, ಉಳಿದವನ್ನು ಒಂದೊಂದಾಗಿ ತಿರುಗಿಸಿ ನೋಡಿ, ಗಟ್ಟಿಯಾಗಿದ್ದವನ್ನು ತೊಳೆದು ಅಂದೇ ತಿಂದೆವು. ಮರುದಿನಕ್ಕೆ ಇಡಲಿಲ್ಲ, ಏಕೆಂದರೆ ಬೊಟ್ರೈಟಿಸ್ ಎಂಬ ಈ ಬೂದು ಬೂಷ್ಟು ಫ್ರಿಜ್ಜಿನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಬೂದು ನವಿರಿನ ಬದಲು ತುದಿಯಲ್ಲಿ ಕಪ್ಪು ಚುಕ್ಕೆಯಿರುವ ಉದ್ದನೆಯ ಕೂದಲು ಕಂಡು, ಹಣ್ಣು ಒಡೆದು ರಸ ಡಬ್ಬಿಯ ತಳದಲ್ಲೆಲ್ಲ ಹರಿದಿದ್ದರೆ ಅದು ರೈಜೋಪಸ್ ಎಂಬ ಇನ್ನೊಂದು ಬೂಷ್ಟು ಇರಬಹುದು. ಆಗ ನಾನು ಆರಿಸುತ್ತ ಕೂರುವುದಿಲ್ಲ, ಡಬ್ಬಿಯನ್ನೇ ಎಸೆಯುತ್ತೇನೆ.

ಉಳಿದ ಕಿತ್ತಳೆಗಳ ಸಿಪ್ಪೆಯ ಮೇಲೆ ಹಸಿರು ಪುಡಿ ಬರೀ ಅಂಟಿಕೊಂಡಿದ್ದು, ಎಲ್ಲೂ ಮೆತ್ತಗಾಗಿರದಿದ್ದರೆ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಒರೆಸಿ, ಬೇಗ ತಿನ್ನಿ. ಕೆಟ್ಟ ಹಣ್ಣನ್ನು ಮಾತ್ರ ಮೂಸಿ ನೋಡಬೇಡಿ, ಬೀಜಕಣಗಳು ಉಸಿರಿನೊಂದಿಗೆ ಒಳಹೋಗುತ್ತವೆ. ಅಲುಗಿಸದೆ ಕಾಗದದಲ್ಲಿ ಸುತ್ತಿ ಹಸಿ ಕಸದ ಬುಟ್ಟಿಗೆ ಹಾಕಿ, ಅದಿದ್ದ ಹಣ್ಣಿನ ಬುಟ್ಟಿಯನ್ನು ಸೋಪಿನಿಂದ ತೊಳೆದು ಒಣಗಿಸಿ.