ರೇನ್‌ಕೋಟ್ ಆಗಿಬಿಟ್ಟ ಲೆದರ್ ಜಾಕೆಟ್: ಒಂದು ಲೇಖನಕ್ಕೆ ಸಂಪಾದಕರ ಉತ್ತರ

"ಸಾದಾ ಬೂದು ಬಣ್ಣದ ಹತ್ತಿ ಜಾಕೆಟ್ಟನ್ನು ಫೋಟೊಶಾಪ್‌ನಲ್ಲಿ ಕಪ್ಪು ಲೆದರ್ ಜಾಕೆಟ್ ಮಾಡುವುದು ಹೇಗೆ ಅಂತ ಹನ್ನೊಂದು ಹಂತಗಳಲ್ಲಿ ಬರೆದಿದ್ದೇನೆ. Plastic Wrap ಹಾಕಿದ ಮೇಲೆ ಹೊಳಪು ಚೆನ್ನಾಗಿಯೇ ಬರುತ್ತೆ, ಆದರೂ ನೋಡಿದವರೆಲ್ಲ ರೇನ್‌ಕೋಟ್ ಥರ ಇದೆ ಅಂತಾರೆ. ಹೊಲಿಗೆಯೂ ಮೇಲೆ ಅಂಟಿಸಿದ ಹಾಗೆ ಕಾಣುತ್ತೆ. ಲೇಖನ ಪ್ರಕಟಣೆಗೆ ಆಗುತ್ತದೆಯೇ? ಎಲ್ಲಿ ತಪ್ಪಿದೆ ಅಂತ ಮುಲಾಜಿಲ್ಲದೆ ಹೇಳಿ."

ನಮಸ್ಕಾರ. ಈಗಿರುವ ರೂಪದಲ್ಲಿ ಲೇಖನ ಪ್ರಕಟಣೆಗೆ ಆಗುವುದಿಲ್ಲ. ಭಾಷೆ ಸರಳವಾಗಿದೆ, ಚಿತ್ರಗಳೂ ಸ್ಪಷ್ಟವಾಗಿವೆ. ತೊಂದರೆ ಇರುವುದು ಬೇರೆ ಕಡೆ. ಹನ್ನೊಂದು ಹಂತಗಳಲ್ಲಿ ಒಂದರಲ್ಲೂ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ನೀವು ಹೇಳಿಲ್ಲ, ಫೋಟೊದಲ್ಲಿ ಒಂದು ಸೆಂಟಿಮೀಟರ್ ಎಂದರೆ ಎಷ್ಟು ಪಿಕ್ಸೆಲ್ ಎಂದೂ ಹೇಳಿಲ್ಲ. ಸುಕ್ಕು, ಹೊಳಪು, ಹೊಲಿಗೆ ಮೂರೂ ನಿಂತಿರುವುದು ಈ ಎರಡರ ಮೇಲೆಯೇ.

ಮೊದಲು ಅಳತೆ ನೋಡೋಣ, ಅದು ಬೇಗ ಮುಗಿಯುತ್ತದೆ. ನಿಮ್ಮ ಚಿತ್ರದಲ್ಲಿ ಜಾಕೆಟ್ಟಿನ ಒಂದು ಹೆಗಲ ತುದಿಯಿಂದ ಇನ್ನೊಂದಕ್ಕೆ ಸುಮಾರು 1500 ಪಿಕ್ಸೆಲ್ ಇದೆ. ದೊಡ್ಡವರ ಜಾಕೆಟ್ಟಿನಲ್ಲಿ ಆ ಅಗಲ ಹತ್ತಿರಹತ್ತಿರ 45 ಸೆಂ.ಮೀ. ಅಂದರೆ ಒಂದು ಮಿಲಿಮೀಟರ್‌ಗೆ ಸುಮಾರು 3.3 ಪಿಕ್ಸೆಲ್ ಸಿಕ್ಕಿತು. ನೀವು ಹಾಕಿರುವ ಲೆದರ್ ಟೆಕ್ಸ್ಚರ್‌ನ ಒಂದೊಂದು ಕಣ 20 ಪಿಕ್ಸೆಲ್ ಅಗಲವಿದೆ, ಅಂದರೆ ಆರು ಮಿಲಿಮೀಟರ್. ಅಷ್ಟು ದಪ್ಪ ಕಣ ಇರುವುದು ಮೊಸಳೆಯ ಚರ್ಮದಲ್ಲಿ. ಕುರಿ, ಮೇಕೆ, ದನದ ಚರ್ಮದ ಕಣ ಒಂದು ಮಿಲಿಮೀಟರಿನ ಆಚೀಚೆ ಇರುತ್ತದೆ. ಹಾಗಾಗಿ ಈ ಫೋಟೊದಲ್ಲಿ ಅದು ಎರಡು ಮೂರು ಪಿಕ್ಸೆಲ್ ಮೀರಬಾರದು. ಅದೂ ಎಲ್ಲೆಡೆ ಕಾಣಬಾರದು: ಗಾಢ ನೆರಳಿನಲ್ಲಿ ಕಣ ಮುಳುಗಿಹೋಗುತ್ತದೆ, ಹೊಳಪಿನ ನಡುವೆ ಕರಗಿಹೋಗುತ್ತದೆ, ಹೊಳಪು ನೆರಳಿಗೆ ಜಾರುವ ಅಂಚಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಟೆಕ್ಸ್ಚರ್ ಲೇಯರ್‌ಗೆ ಮಾಸ್ಕ್ ಹಾಕಿ ಉಳಿದ ಕಡೆ ಅಳಿಸಿಬಿಡಿ. ಓದುಗರಿಗೂ ಪಿಕ್ಸೆಲ್ ಸಂಖ್ಯೆ ಕೊಡುವ ಮೊದಲು ಈ ಲೆಕ್ಕ ಹೇಳಿಕೊಡಿ. ಅವರ ಫೋಟೊ ನಿಮ್ಮದರ ಅರ್ಧದಷ್ಟೇ ಇದ್ದರೆ ನಿಮ್ಮ ಸಂಖ್ಯೆಗಳೆಲ್ಲ ಅವರಿಗೆ ತಪ್ಪು.

ಇನ್ನು ರೇನ್‌ಕೋಟ್ ವಿಷಯ. Plastic Wrap ಫಿಲ್ಟರ್‌ಗೆ ಬೆಳಕು ಗೊತ್ತಿಲ್ಲ. ಚಿತ್ರದಲ್ಲಿ ಎಲ್ಲೆಲ್ಲಿ ತಿಳಿ ಮತ್ತು ಕಪ್ಪು ಸಂಧಿಸುತ್ತವೆಯೋ ಅಲ್ಲೆಲ್ಲ ಅದು ಬಿಳಿ ಅಂಚು ಕಟ್ಟುತ್ತದೆ. ಬಟ್ಟೆಯ ನೇಯ್ಗೆ, ಸಣ್ಣ ಸುಕ್ಕು, ಜೇಬಿನ ಅಂಚು, ಯಾವುದನ್ನೂ ಬಿಡುವುದಿಲ್ಲ. ಪರಿಣಾಮವಾಗಿ ಹೊಳಪು ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ, ಕಣ್ಣು ಅದನ್ನು ಒದ್ದೆ ಪ್ಲಾಸ್ಟಿಕ್ ಎಂದು ಓದಿಕೊಳ್ಳುತ್ತದೆ. Highlight Strength ಇಳಿಸಿದರೆ ಇದು ಸರಿಹೋಗದು, ಒದ್ದೆ ಪ್ಲಾಸ್ಟಿಕ್ ಮಂಕಾಗುತ್ತದೆ ಅಷ್ಟೆ. ಆ ಹಂತವನ್ನು ಪೂರ್ತಿ ತೆಗೆದುಹಾಕಿ.

ಅದರ ಬದಲು ಮೊದಲು ಬಟ್ಟೆಯ ಗುರುತು ಅಳಿಸಬೇಕು. ಜಾಕೆಟ್ ಲೇಯರ್‌ನ ಒಂದು ಕಾಪಿ ಮಾಡಿಕೊಂಡು ಅದಕ್ಕೆ Surface Blur ಹಾಕಿ. ಈ ಗಾತ್ರಕ್ಕೆ Radius 8, Threshold 15ರಿಂದ ಶುರು ಮಾಡಿ, ನೇಯ್ಗೆ ಮಾಯವಾಗಿ ದೊಡ್ಡ ಮಡಿಕೆಯ ಅಂಚು ಇನ್ನೂ ಉಳಿದಿರುವಲ್ಲಿಗೆ ನಿಲ್ಲಿಸಿ. ಆಮೇಲೆ ಹತ್ತಿಯ ಸಣ್ಣ ಚೂಪು ಸುಕ್ಕುಗಳನ್ನು Healing Brush ಹಿಡಿದು ಒಂದೊಂದಾಗಿ ತೆಗೆಯಿರಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಜಾಕೆಟ್ಟಿನ ಚರ್ಮ ಸುಮಾರು ಒಂದು ಮಿಲಿಮೀಟರ್ ದಪ್ಪ, ಅಂಗಿಯ ಬಟ್ಟೆಯ ಹಾಗೆ ಅದು ಮುದುಡುವುದಿಲ್ಲ. ಅದರಲ್ಲಿ ಮಡಿಕೆ ಕಡಿಮೆ, ಇದ್ದದ್ದು ದುಂಡಗೆ, ದಪ್ಪಗೆ ಬಾಗಿರುತ್ತದೆ. ಸಣ್ಣ ಗೆರೆಗಳು ಬರುವುದು ದಿನವೂ ಬಾಗುವ ಜಾಗದಲ್ಲಿ ಮಾತ್ರ.

ನಂತರ Curves. ನೀವು ಇಡೀ ಜಾಕೆಟ್ಟನ್ನು ಕಪ್ಪಗೆ ಎಳೆದು, ನೆರಳನ್ನು ಸೊನ್ನೆಗೆ ಮುಟ್ಟಿಸಿದ್ದೀರಿ. ತಳವೇ ಸೊನ್ನೆಯಾದರೆ ಸುಕ್ಕಿಗೆ ಅದಕ್ಕಿಂತ ಕಪ್ಪು ಎಲ್ಲಿಂದ ಬರಬೇಕು? ನಿಮ್ಮ ಬೂದು ಜಾಕೆಟ್ಟಿಗೆ ಈ ಬಿಂದುಗಳಿಂದ ಶುರು ಮಾಡಬಹುದು, ಎಡಗಡೆ Input, ಬಲಗಡೆ Output:

```
0   → 12
128 → 42
200 → 85
235 → 190
255 → 235
```

ಇಲ್ಲಿ ಮಧ್ಯದ ಬೂದು ಕಪ್ಪಿಗೆ ಇಳಿಯುತ್ತದೆ, ತುದಿಯ ಸ್ವಲ್ಪ ಭಾಗ ಮಾತ್ರ ಥಟ್ಟನೆ ಏರುತ್ತದೆ. ಬಟ್ಟೆಗೂ ಚರ್ಮಕ್ಕೂ ಇರುವ ವ್ಯತ್ಯಾಸವೇ ಆ ಕಡಿದಾದ ಏರು. ಬಟ್ಟೆ ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಅದರಲ್ಲಿ ತಿಳಿಯಿಂದ ಕಪ್ಪಿಗೆ ನಿಧಾನ ಇಳಿಜಾರು. ಪಾಲಿಶ್ ಆದ ಚರ್ಮ ಬೆಳಕಿನ ಒಂದು ಪಾಲನ್ನು ಕನ್ನಡಿಯ ಹಾಗೆ ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಹಾಗಾಗಿ ಕಪ್ಪಿನ ಪಕ್ಕದಲ್ಲೇ ಬಿಳಿ ಬಂದು ನಿಲ್ಲುತ್ತದೆ.

ಸುಕ್ಕಿಗೆ ಬರೋಣ. ಲೇಖನದ ಆರನೇ ಹಂತದಲ್ಲಿ "ಇಷ್ಟವಾದಲ್ಲಿ ಕಪ್ಪು ಗೆರೆ ಎಳೆಯಿರಿ" ಎಂದು ಬರೆದಿದ್ದೀರಿ. ಇಡೀ ಬರಹದಲ್ಲಿ ನನಗೆ ಅತ್ಯಂತ ಬೇಸರ ತಂದ ವಾಕ್ಯ ಅದು. ಸುಕ್ಕು ಇಷ್ಟವಾದಲ್ಲಿ ಬರುವುದಿಲ್ಲ, ಎಳೆತ ಮತ್ತು ಒತ್ತಡ ಇದ್ದಲ್ಲಿ ಬರುತ್ತದೆ. ನಿಮ್ಮ ಫೋಟೊದ ಎಡಗೈಯನ್ನೇ ನೋಡಿ, ಮೊಣಕೈ ಬಾಗಿದೆ. ಹೊರಗಡೆ ಚರ್ಮ ಬಿಗಿದುಕೊಳ್ಳುತ್ತದೆ, ಅಲ್ಲಿ ಸುಕ್ಕೇ ಇರಬಾರದು, ನುಣುಪಾದ ಅಗಲ ಹೊಳಪು ಸಾಕು. ಒಳಗಡೆ ಚರ್ಮ ಒತ್ತಿಕೊಳ್ಳುತ್ತದೆ, ಮೂರು ನಾಲ್ಕು ಮಡಿಕೆಗಳು ಅಲ್ಲಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡಿ, ಹೊರಬದಿ ತಲುಪುವ ಮೊದಲೇ ಸವೆದು ನಿಲ್ಲುತ್ತವೆ. ನೀವು ಹೊರಬದಿಗೂ ಗೆರೆ ಎಳೆದಿರುವುದರಿಂದ ಕೈ ಬಾಗಿದಂತೆಯೇ ಕಾಣುತ್ತಿಲ್ಲ.

ಒಂದು ಮಡಿಕೆಯನ್ನು ಪೂರ್ತಿ ಮಾಡಿ ತೋರಿಸಿ, ಓದುಗರು ಉಳಿದವನ್ನು ತಾವೇ ಮಾಡಿಕೊಳ್ಳುತ್ತಾರೆ. ಹೊಸ ಲೇಯರ್ ತೆರೆದು Mode: Overlay ಇಟ್ಟು, ಕೆಳಗಿನ 50% gray ಆಯ್ಕೆಗೆ ಗುರುತು ಹಾಕಿ, ಅದನ್ನು ಜಾಕೆಟ್ಟಿಗೆ ಕ್ಲಿಪ್ ಮಾಡಿ. Lasso ಹಿಡಿದು ಮಡಿಕೆಯ ತಳದ ಗೆರೆಯನ್ನು ಒಂದು ಅಂಚಾಗಿ ಇಟ್ಟುಕೊಂಡು, ನೆರಳಿನ ಬದಿಗೆ ಆಯ್ಕೆ ಮಾಡಿ. Feather ಸೊನ್ನೆ ಇರಲಿ. ಈಗ 40 ಪಿಕ್ಸೆಲ್‌ನ ಮೆದು ಬ್ರಷ್‌ನಲ್ಲಿ, Flow 8 ಇಟ್ಟು, ಆ ಅಂಚಿನ ಮೇಲೆ ಕಪ್ಪನ್ನು ನಾಲ್ಕೈದು ಸಲ ಸವರಿ. ಆಯ್ಕೆಯ ಅಂಚಿನಲ್ಲಿ ಕಪ್ಪು ಕತ್ತರಿಸಿದ ಹಾಗೆ ನಿಲ್ಲುತ್ತದೆ, ಇನ್ನೊಂದು ಕಡೆ ಮೆಲ್ಲಗೆ ಕರಗುತ್ತದೆ. ಆಮೇಲೆ Select > Inverse ಮಾಡಿ, ಅದೇ ಗೆರೆಯ ಈಚೆ ಬದಿಯ ಉಬ್ಬಿಗೆ 15 ಪಿಕ್ಸೆಲ್ ಬ್ರಷ್‌ನಲ್ಲಿ ಬಿಳಿ ಸವರಿ. ಒಂದು ಬದಿ ಹರಿತ, ಇನ್ನೊಂದು ಬದಿ ಮೆದು, ಇಷ್ಟೇ ಮಡಿಕೆಯ ಗುಟ್ಟು. ಎರಡೂ ಬದಿ ಹರಿತವಾದರೆ ಪೆನ್ನಿನ ಗೀಟು, ಎರಡೂ ಮೆದುವಾದರೆ ಮಸಿಯ ಕಲೆ. ನಿಮ್ಮ ಚಿತ್ರದಲ್ಲಿ ಬೆಳಕು ಎಡ ಮೇಲ್ಭಾಗದಿಂದ ಬರುತ್ತಿದೆ, ಮೂಗಿನ ನೆರಳು ನೋಡಿದರೆ ತಿಳಿಯುತ್ತದೆ. ಹಾಗಾದರೆ ಪ್ರತಿ ಉಬ್ಬಿನ ಎಡ ಮೇಲ್ಬದಿ ಬಿಳಿ, ಬಲ ಕೆಳಬದಿ ಕಪ್ಪು. ಬಲತೋಳಿನಲ್ಲಿ ನೀವು ಇದನ್ನು ತಿರುಗಿಸಿಬಿಟ್ಟಿದ್ದೀರಿ, ಎಡತೋಳನ್ನು ಕಾಪಿ ಮಾಡಿ ಮಗುಚಿ ಹಾಕಿದ್ದರ ಫಲ ಅದು.

ಚೂಪು ಹೊಳಪು ಇನ್ನೊಂದು ಲೇಯರ್‌ನಲ್ಲಿ ಬರಲಿ. Overlay ಗಾಢ ಕಪ್ಪನ್ನು ಹೆಚ್ಚು ಮೇಲೆತ್ತಲಾರದು, ಆದ್ದರಿಂದ ಇದಕ್ಕೆ Screen ಬೇಕು. ಬಣ್ಣದ ವಿಷಯದಲ್ಲಿ ಎಚ್ಚರ: ಚರ್ಮದ ಮೇಲಿನ ಹೊಳಪಿಗೆ ಬೆಳಕಿನ ಬಣ್ಣವೇ ಇರುತ್ತದೆ, ಚರ್ಮದ ಬಣ್ಣ ಇರುವುದಿಲ್ಲ. ಕಂದು ಜಾಕೆಟ್ಟಿನ ಮೇಲೂ ಕಿಟಕಿಯ ಹೊಳಪು ತುಸು ನೀಲಿ ಬಿಳಿಯೇ. ಉಬ್ಬಿನ ಉದ್ದಕ್ಕೂ 4ರಿಂದ 6 ಪಿಕ್ಸೆಲ್ ದಪ್ಪದ ಗೆರೆ ಎಳೆಯಿರಿ, ಎರಡು ತುದಿಯೂ ಸಣ್ಣಗಾಗಲಿ, ಇನ್ನೊಂದು ಸುಕ್ಕು ಅಡ್ಡ ಬಂದಲ್ಲಿ ಗೆರೆ ತುಂಡಾಗಲಿ. ತುಂಡಾಗದ ಹೊಳಪು ಕೊಳವೆಯ ಮೇಲಿನ ಹೊಳಪಿನಂತೆ ಕಾಣುತ್ತದೆ. ಸಾಕೋ ಹೆಚ್ಚಾಯಿತೋ ಎಂದು ತಿಳಿಯಲು ಎಲ್ಲಕ್ಕಿಂತ ಮೇಲೆ ಒಂದು Threshold ಲೇಯರ್ ಹಾಕಿ, ಮಟ್ಟ 200ಕ್ಕೆ ಇಡಿ. ಜಾಕೆಟ್ಟಿನ ಭಾಗದಲ್ಲಿ ಉಬ್ಬುಗಳನ್ನು ಹಿಡಿದು ಸಾಗುವ ತುಂಡು ತುಂಡು ಬಿಳಿ ಪಟ್ಟಿಗಳು ಮಾತ್ರ ಉಳಿಯಬೇಕು. ನಿಮ್ಮ ಚಿತ್ರದಲ್ಲಿ ಹಾಗೆ ನೋಡಿದರೆ ಎದೆಯ ಅರ್ಧ ಭಾಗವೇ ಬಿಳಿ ಮುದ್ದೆ. ನೋಡಿದವರು ರೇನ್‌ಕೋಟ್ ಎಂದದ್ದು ಇದಕ್ಕೇ.

ಹೊಲಿಗೆ ಅಂಟಿಸಿದಂತೆ ಕಾಣಲು ಎರಡು ಕಾರಣ. ಒಂದು, ಅಳತೆ. ನಿಮ್ಮ ಒಂದೊಂದು ಹೊಲಿಗೆ 40 ಪಿಕ್ಸೆಲ್, ಅಂದರೆ ಹನ್ನೆರಡು ಮಿಲಿಮೀಟರ್, ಗೋಣಿಚೀಲದ ಬಾಯಿ ಹೊಲಿದ ಹಾಗಿದೆ. ಲೆದರ್ ಜಾಕೆಟ್ಟಿನ ಹೊಲಿಗೆ ಮೂರರಿಂದ ನಾಲ್ಕು ಮಿಲಿಮೀಟರ್, ಇಲ್ಲಿ ಸುಮಾರು 12 ಪಿಕ್ಸೆಲ್. ಅದರಲ್ಲಿ 9 ಪಿಕ್ಸೆಲ್ ದಾರ, ಉಳಿದದ್ದು ತೂತಿನ ಸಂದು. Brush Settingsನಲ್ಲಿ Roundness ಇಳಿಸಿ ಬ್ರಷ್ ತುದಿಯನ್ನು ಉದ್ದಗೆ ಮಾಡಿ, Shape Dynamicsನಲ್ಲಿ Angle Jitter ಕೆಳಗಿನ Control ಅನ್ನು Directionಗೆ ಇಡಿ, ಇಲ್ಲದಿದ್ದರೆ ದಾರ ಗೆರೆಯ ಜೊತೆ ತಿರುಗುವುದಿಲ್ಲ. Spacing ಶೇಕಡಾವಾರು ಸಂಖ್ಯೆಯನ್ನು ನಂಬಬೇಡಿ, ಖಾಲಿ ಲೇಯರ್‌ನಲ್ಲಿ ಎಳೆದು ಅಳೆದು ನೋಡಿ. ಆಮೇಲೆ Pen ಹಿಡಿದು ಹೊಲಿಗೆಯ ದಾರಿ ಬರೆದು Stroke Path ಕೊಡಿ.

ಎರಡನೆಯ ಕಾರಣ ಹೆಚ್ಚು ಮುಖ್ಯ. ನಿಮ್ಮ ಹೊಲಿಗೆಯ ಕೆಳಗೆ ಚರ್ಮ ಏನೂ ಆಗಿಲ್ಲ. ಜೋಡಣೆಯಲ್ಲಿ ಚರ್ಮ ಮಡಿಸಿ ಒಳಗೆ ಸೇರಿಸಿರುತ್ತಾರೆ, ಅದರಿಂದ ಒಂದು ಬದಿ ಮೆಟ್ಟಿಲಿನ ಹಾಗೆ ಎತ್ತರವಾಗುತ್ತದೆ. ಅದೇ ದಾರಿಗೆ Overlay ಲೇಯರ್‌ನಲ್ಲಿ ಎತ್ತರದ ಬದಿಗೆ 2 ಪಿಕ್ಸೆಲ್ ಬಿಳಿ ಗೆರೆ, ತಗ್ಗಿನ ಬದಿಗೆ 5 ಪಿಕ್ಸೆಲ್ ಮೆದು ಕಪ್ಪು ಬೇಕು. ಇದು ನಿಮ್ಮ ಎಡಬದಿಯ ಜೋಡಣೆಗೆ ಸರಿ. ಎತ್ತರದ ಬದಿ ಬೆಳಕಿಗೆ ಬೆನ್ನು ಹಾಕಿರುವ ಕಡೆ ಬಿಳಿ ಗೆರೆ ಬಿಟ್ಟುಬಿಡಿ. ದಾರ ಬಿಗಿದಲ್ಲಿ ಚರ್ಮ ಸ್ವಲ್ಪ ನೆರಿಗೆ ಕಟ್ಟುವುದರಿಂದ, ಹೊಲಿಗೆಯಿಂದ ಹೊರಕ್ಕೆ ಸೆಂಟಿಮೀಟರಿಗೆ ಒಂದರಂತೆ ಚಿಕ್ಕ ಮೆದು ನೆರಳು ಹಾಕಿ, ಅಂತರ ಸಮವಾಗದಂತೆ ನೋಡಿಕೊಳ್ಳಿ. ದಾರಕ್ಕೆ Bevel & Emboss ಕೊಡುವಾಗ Size 1 ಸಾಕು, Angle ಫೋಟೊದ ಬೆಳಕಿನದೇ ಇರಲಿ. ನೀವು ಬಿಟ್ಟಿರುವ ಮೂಲ ಕೋನ ನಿಮ್ಮ ಚಿತ್ರಕ್ಕೆ ಹೊಂದುವುದಿಲ್ಲ, ಇಲ್ಲಿ 135 ಹತ್ತಿರದ ಕೋನ ಬೇಕು. ತೋಳು ದುಂಡಾಗಿ ಹಿಂದಕ್ಕೆ ಸರಿಯುವ ಅಂಚಿನಲ್ಲಿ ಅಡ್ಡ ಹೋಗುವ ಹೊಲಿಗೆಗಳು ಒತ್ತೊತ್ತಾಗಿ ಕಾಣಬೇಕು. ಒಂದೇ Spacing ಇಟ್ಟ ಬ್ರಷ್‌ಗೆ ಅದು ಬಾರದು. ದಾರಿಯನ್ನು ಎರಡು ತುಂಡು ಮಾಡಿ, ಅಂಚಿನ ತುಂಡನ್ನು ಗಿಡ್ಡ ತುದಿಯಿಂದ, ಕಡಿಮೆ ಅಂತರದಲ್ಲಿ ಎಳೆಯಿರಿ. ಮಡಿಕೆಯೊಳಗೆ ಇಳಿದ ಹೊಲಿಗೆಗಳನ್ನು ಮಾಸ್ಕ್‌ನಿಂದ ಅಳಿಸಿ.

ಒಂದು ಮಿತಿಯನ್ನೂ ಲೇಖನದಲ್ಲಿ ಹೇಳಿ. ಮೋಡದ ಬೆಳಕಿನಲ್ಲಿ ತೆಗೆದ, ಮುಖದ ಮೇಲೂ ನೆರಳಿಲ್ಲದ ಫೋಟೊಗೆ ಚೂಪು ಹೊಳಪು ಹಾಕಿದರೆ ಜಾಕೆಟ್ ಬೇರೆ, ಮನುಷ್ಯ ಬೇರೆ ಎನಿಸುತ್ತದೆ. ಅಂಥ ಫೋಟೊಗೆ ಅಗಲವಾದ ಮಂಕು ಹೊಳಪಿನ ಚರ್ಮವೇ ಹೊಂದುತ್ತದೆ.

ಮತ್ತೆ ಕಳಿಸುವಾಗ ಎಡ ಮೊಣಕೈಯ ನಾಲ್ಕು ಚಿತ್ರ ಸಾಕು: ನೇಯ್ಗೆ ತೆಗೆದದ್ದು, ಒಂದೇ ಮಡಿಕೆ ಮುಗಿದದ್ದು, ಹೊಳಪು ಹಾಕಿದ್ದು, ಹೊಲಿಗೆ ಕೂತದ್ದು. ನಾಲ್ಕೂ 100% ಅಳತೆಯಲ್ಲಿರಲಿ, ಜೊತೆಗೆ Threshold 200ರ ಒಂದು ಚಿತ್ರವೂ ಇರಲಿ.